‘ಬರ್ರಿ’ ಎಂಬುದಕ್ಕೆ ಇಂಗ್ಲಿಷ್

ಎದುರಿಗಿರುವವರು ನಮಗಿಂತ ಹಿರಿಯರೋ ಕಿರಿಯರೋ ಎಂಬುದನ್ನು ನಿರ್ಧರಿಸಿಕೊಳ್ಳದೆ ಕನ್ನಡದಲ್ಲಿ ಅವರನ್ನು ಕರೆಯುವುದು ಬಹಳ ಕಷ್ಟ. ‘ಬಾ’ ಎಂದರೆ ಒಂದು, ‘ಬನ್ನಿ’ ಎಂದರೆ ಇನ್ನೊಂದು. ಇವೆರಡರ ನಡುವೆ ಮೂರನೆಯ ರೂಪವಿಲ್ಲ. ನಿರ್ಧಾರಕ್ಕೆ ಬರಲಾರದವರು ‘ಊಟ ಆಯಿತೆ?’ ಎಂದು ಕರ್ತೃಪದವನ್ನೇ ನುಂಗಿಬಿಡುವುದುಂಟು. ಹೊಸದಾಗಿ ಮದುವೆಯಾದ ಮನೆಗಳಲ್ಲಿ ಇಂತಹ ಜಾಣ ವಾಕ್ಯಗಳು ಹೇರಳವಾಗಿ ಕೇಳಿಬರುತ್ತವೆ. ಆದರೆ ಇಂತಹ ಉಪಾಯ ಎಷ್ಟು ಹೊತ್ತು ನಡೆದೀತು? ನಾಲ್ಕನೆಯ ಮಾತಿನಲ್ಲಿಯಾದರೂ ‘ನೀನು’ ಅಥವಾ ‘ನೀವು’ ಎಂಬುದು ಹೊರಬೀಳಲೇಬೇಕು.

ಒಬ್ಬರೇ ಇದ್ದರೂ ಅವರನ್ನು ಹಲವರೆಂಬಂತೆ ಭಾವಿಸಿ ಮಾತನಾಡಿಸುವ ಈ ಪದ್ಧತಿಯನ್ನು ವ್ಯಾಕರಣದಲ್ಲಿ ಗೌರವಾರ್ಥಕ ಬಹುವಚನವೆಂದು ನೀವು ಓದಿದ್ದೀರಿ. ಅದು ಸರ್ವನಾಮದಲ್ಲಿ ಕಾಣಿಸಿಕೊಳ್ಳುತ್ತದೆ. ಕ್ರಿಯಾಪದದ ಕೊನೆಯಲ್ಲಿಯೂ ಕಾಣಿಸಿಕೊಳ್ಳುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಮಾತಿನಲ್ಲಿ ಇದಕ್ಕೆ ಇನ್ನೂ ಒಂದು ಸೌಲಭ್ಯವಿದೆ. 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿರುವ ಈ ಸೀಮೆಯಲ್ಲಿ ‘ರಿ’ ಎಂಬ ಒಂದಕ್ಷರ ಯಾವ ಪದಕ್ಕೆ ಬೇಕಾದರೂ ಅಂಟಿಕೊಳ್ಳಬಲ್ಲದು. ‘ಹೌದು’ ಎಂಬುದು ‘ಹೌದ್ರಿ’ ಆಗುತ್ತದೆ, ‘ಇಲ್ಲ’ ಎಂಬುದು ‘ಇಲ್ರಿ’ ಆಗುತ್ತದೆ, ‘ಬನ್ನಿ’ ಎಂಬುದು ‘ಬರ್ರಿ’ ಆಗುತ್ತದೆ. ಹೊಳೆಯಾಚೆಯ ಹಾವೇರಿ, ಗದಗ ಕಡೆಯವರ ಮಾತಿನಲ್ಲಿಯೂ ಈ ‘ರಿ’ ಇದೆ. ಅದನ್ನು ಕೇಳಿ ಬೆಳೆದ ಕಿವಿಗೆ ಅದು ಕೇಳುವುದೇ ಇಲ್ಲವೆಂಬಷ್ಟು ಸಹಜ; ಆದರೆ ಅದು ಇಲ್ಲವಾದ ಕ್ಷಣವೇ ಮಾತು ಬೋಳಾಗಿ ಕೇಳುತ್ತದೆ.

ಈಗ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಜ್ಜ ತೀರಿಕೊಂಡಿದ್ದಾರೆ. ಅವರಿಗೆ ಇಬ್ಬರೇ ಗಂಡುಮಕ್ಕಳು. ಕಿರಿಯವರು ಊರಿನಲ್ಲಿ ಬೇಸಾಯ ಮಾಡಿಕೊಂಡಿದ್ದಾರೆ. ಹಿರಿಯವರು ಮುಂಬಯಿಯಲ್ಲಿ ರೈಲ್ವೆ ನೌಕರಿ ಮಾಡಿ ನಿವೃತ್ತರಾಗಿ ಅಲ್ಲಿಯೇ ನೆಲೆಸಿದ್ದಾರೆ. ಹೊಲ ಇನ್ನೂ ಅಜ್ಜನ ಹೆಸರಿನಲ್ಲಿಯೇ ಇದೆ. ಪೌತಿ ಖಾತೆಯ ಕಾಗದಗಳಿಗೆ ಹಿರಿಯವರ ಸಹಿಯೂ ಬೇಕಾಗಿದೆ. ಹಿರಿಯವರ ಕಣ್ಣಿಗೆ ಈಗಷ್ಟೇ ಶಸ್ತ್ರಚಿಕಿತ್ಸೆಯಾಗಿರುವುದರಿಂದ ಫೋನನ್ನು ಅವರು ನೋಡುವಂತಿಲ್ಲ, ಮಾತನಾಡಿದರೆ ಕಿವಿಯೂ ಸರಿಯಾಗಿ ಕೇಳುವುದಿಲ್ಲ. ಬಂದ ಸಂದೇಶವನ್ನು ಅವರ ಸೊಸೆ ಹತ್ತಿರ ಕುಳಿತು ಗಟ್ಟಿಯಾಗಿ ಓದಿ ಹೇಳುತ್ತಾರೆ. ಆ ಸೊಸೆ ಗುಜರಾತಿ ಮಾತೃಭಾಷೆಯವರು, ಕನ್ನಡ ಅರಿಯರು. ಆದ್ದರಿಂದ ಸಂದೇಶ ಇಂಗ್ಲಿಷಿನಲ್ಲಿಯೇ ಇರಬೇಕು. ಅದನ್ನು ಬರೆಯುವ ಕೆಲಸ ಕಿರಿಯವರ ಮಗಳಾದ, ಕೊಟ್ಟೂರಿನಲ್ಲಿ ಓದುತ್ತಿರುವ ಹುಡುಗಿಯ ಪಾಲಿಗೆ ಬಂದಿದೆ.

ಹೊಲದ ಮಾತೆಂದರೆ ಅಣ್ಣತಮ್ಮಂದಿರ ನಡುವೆ ಸೂಕ್ಷ್ಮವಾದ ಮಾತು. ದೂರದಲ್ಲಿರುವ ಹಿರಿಯರಿಗೆ ‘ನನ್ನನ್ನು ಕೇಳುವವರು ಯಾರು, ಸಹಿಗಷ್ಟೇ ನೆನಪಾದೆ’ ಎಂಬ ಭಾವನೆ ಬರುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅದೂ ಸೊಸೆಯ ಬಾಯಿಂದ, ಮೊಮ್ಮಕ್ಕಳ ಎದುರಿಗೆ ಕೇಳಬೇಕಾದ ಮಾತು.

ದೊಡ್ಡಪ್ಪನವರು ಎದುರಿಗೇ ಇದ್ದಿದ್ದರೆ ಹುಡುಗಿ ತನ್ನ ಸೀಮೆಯ ಮಾತಿನಲ್ಲಿ ಹೀಗೆ ಹೇಳುತ್ತಿದ್ದಳು: “ದೊಡ್ಡಪ್ಪಾ, ನಮಸ್ಕಾರ್ರಿ. ಆರಾಮದೀರೇನ್ರಿ? ಅಜ್ಜನ ಹೊಲ ಇನ್ನೂ ಅಜ್ಜನ ಹೆಸರಿನಾಗೇ ಐತ್ರಿ. ಅದನ್ನ ಬದಲಿ ಮಾಡಿಸಬೇಕ್ರಿ. ನಿಮ್ಮ ಸಹಿ ಬೇಕ್ರಿ. ಬರೋ ಸೋಮವಾರ ಕೂಡ್ಲಿಗಿಗೆ ಬರ್ರಿ. ಆಧಾರ್ ಕಾರ್ಡು ತಗೊಂಡು ಬರ್ರಿ. ಅಪ್ಪ ಕಾಯ್ತಿರ್ತಾರ್ರಿ.”

ಎಣಿಸಿ ನೋಡಿರಿ: ಎಂಟು ವಾಕ್ಯಗಳು, ಎಂಟು ‘ರಿ’ಗಳು. ಇವಲ್ಲದೆ ‘ನಿಮ್ಮ’ ಎಂಬ ಸರ್ವನಾಮದಲ್ಲಿಯೂ, ತಂದೆಯ ವಿಷಯವಾಗಿ ಹೇಳಿದ ‘ಕಾಯ್ತಿರ್ತಾರೆ’ ಎಂಬಲ್ಲಿಯೂ ಬಹುವಚನವಿದೆ. ಈ ಮಾತನ್ನು ಕೇಳಿದ ಯಾವ ಹಿರಿಯರೂ ಮುಖ ಗಂಟಿಕ್ಕಲಾರರು. ಇದನ್ನೇ ಹುಡುಗಿ ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಿರುಗಿಸಿದಳೆಂದು ಇಟ್ಟುಕೊಳ್ಳೋಣ. ಸಂದೇಶ ಕಣ್ಣಿಗಿಂತ ಕಿವಿಗೇ ತಲಪಬೇಕಾದದ್ದರಿಂದ, ಕೇಳಿಸುವ ರೀತಿಯಲ್ಲಿಯೇ ಕನ್ನಡ ಅಕ್ಷರಗಳಲ್ಲಿ ಅದನ್ನು ಬರೆಯುತ್ತೇನೆ, ಗಟ್ಟಿಯಾಗಿ ಓದಿಕೊಳ್ಳಿರಿ: “ಹಲೋ ಅಂಕಲ್. ಹೌ ಆರ್ ಯು? ದ ಲ್ಯಾಂಡ್ ಈಸ್ ಸ್ಟಿಲ್ ಇನ್ ಗ್ರ್ಯಾಂಡ್‌ಫಾದರ್ಸ್ ನೇಮ್. ವಿ ಹ್ಯಾವ್ ಟು ಚೇಂಜ್ ಇಟ್. ಯುವರ್ ಸಿಗ್ನೇಚರ್ ಈಸ್ ನೀಡೆಡ್. ಕಮ್ ಟು ಕೂಡ್ಲಿಗಿ ನೆಕ್ಸ್ಟ್ ಮಂಡೆ. ಬ್ರಿಂಗ್ ಯುವರ್ ಆಧಾರ್ ಕಾರ್ಡ್. ಫಾದರ್ ವಿಲ್ ಬಿ ವೇಟಿಂಗ್.”

ಇದರಲ್ಲಿ ವ್ಯಾಕರಣದ ದೋಷ ಒಂದೂ ಇಲ್ಲ. ಅರ್ಥವೂ ಬದಲಾಗಿಲ್ಲ. ಆದರೆ ಎಂಟು ‘ರಿ’ಗಳಲ್ಲಿ ಒಂದಾದರೂ ದಾಟಿ ಹೋಗಿಲ್ಲ. ಮನೆಯ ಹಿರಿಯರಿಗೆ ಬರೆದ ವಿನಂತಿ ಈಗ ಕಚೇರಿಯ ಜವಾನನಿಗೆ ಕಳುಹಿಸಿದ ಅಪ್ಪಣೆಯಂತೆ ಕೇಳುತ್ತಿದೆ. ಹುಡುಗಿಯ ಮನಸ್ಸಿನಲ್ಲಿ ಅಗೌರವವಿಲ್ಲ. ಹೀಗಿದ್ದೂ ಗೌರವ ಎಲ್ಲಿ ಸೋರಿಹೋಯಿತು?

ಇಂಗ್ಲಿಷಿನ ‘ಯು’ ಎಂಬ ಪದದ ಚರಿತ್ರೆ ತಿಳಿದರೆ ಇದು ಸ್ಪಷ್ಟವಾಗುತ್ತದೆ. ಆ ಭಾಷೆಯಲ್ಲಿಯೂ ಒಂದು ಕಾಲಕ್ಕೆ ‘ನೀನು’, ‘ನೀವು’ ಎರಡೂ ಇದ್ದವು. ‘ದೌ’ ಎಂಬುದು ನೀನು; ‘ಯೀ’, ‘ಯು’ ಎಂಬುವು ನೀವು. ಸುಮಾರು ಹದಿಮೂರನೆಯ ಶತಮಾನದಿಂದೀಚೆಗೆ, ಫ್ರೆಂಚರ ಮರ್ಯಾದೆಯ ಪದ್ಧತಿಯನ್ನು ಅನುಸರಿಸಿ, ದೊಡ್ಡವರೊಬ್ಬರನ್ನೇ ‘ಯು’ ಎಂದು ಬಹುವಚನದಲ್ಲಿ ಕರೆಯುವ ರೂಢಿ ಅಲ್ಲಿಯೂ ಹಬ್ಬಿತು. ಅದು ನಮ್ಮ ಗೌರವಾರ್ಥಕ ಬಹುವಚನವಲ್ಲದೆ ಬೇರೆಯಲ್ಲ. ಆದರೆ ಮರ್ಯಾದೆಯ ಪದವನ್ನು ಯಾರಿಗೂ ಕಡಿಮೆ ಮಾಡಬಾರದೆಂದು ಎಲ್ಲರಿಗೂ ಹಂಚುತ್ತ ಹೋದಂತೆ ‘ದೌ’ ಹಿಂದೆ ಸರಿಯಿತು. ಹದಿನೆಂಟನೆಯ ಶತಮಾನದ ಹೊತ್ತಿಗೆ ಶಿಷ್ಟಜನರ ದಿನಬಳಕೆಯ ಮಾತಿನಿಂದ ಅದು ಮರೆಯಾಯಿತು. ಹದಿನೇಳನೆಯ ಶತಮಾನದಲ್ಲಿ ಜಾರ್ಜ್ ಫಾಕ್ಸ್ ಎಂಬಾತನ ಅನುಯಾಯಿಗಳಾದ ಕ್ವೇಕರರು ದೇವರೆದುರಿನಲ್ಲಿ ಎಲ್ಲರೂ ಸಮಾನರೆಂದು ಸಾರಿ, ನ್ಯಾಯಾಧೀಶರನ್ನೂ ಬಿಡದೆ ಎಲ್ಲರನ್ನೂ ‘ದೌ’ ಎಂದೇ ಕರೆದು ಅವರ ಕೋಪಕ್ಕೆ ಗುರಿಯಾದರು. ಸಮಾನತೆಯನ್ನು ಅವರು ‘ನೀನು’ ಎಂಬುದರಿಂದ ಸಾಧಿಸಹೊರಟರೆ, ಭಾಷೆ ಅದನ್ನು ‘ನೀವು’ ಎಂಬುದರಿಂದ ಸಾಧಿಸಿತು! ಇಂದಿಗೂ ಒಬ್ಬನೇ ವ್ಯಕ್ತಿಗೆ ‘ಯು ಈಸ್’ ಎನ್ನದೆ ‘ಯು ಆರ್’ ಎನ್ನುವುದು ಆ ಹಳೆಯ ಬಹುವಚನದ ಗುರುತು.

ಆದ್ದರಿಂದ ‘ಯು’ ಎಂಬುದು ಅಗೌರವದ ಪದವಲ್ಲ. ಹುಟ್ಟಿನಿಂದ ಅದು ‘ನೀವು’. ಎಲ್ಲರಿಗೂ ಸಲ್ಲುವುದರಿಂದ ಅದು ಯಾರಿಗೂ ವಿಶೇಷವಾಗಿ ಸಲ್ಲುವುದಿಲ್ಲ, ಅಷ್ಟೆ. ಕ್ರಿಯಾಪದವೂ ಹಾಗೆಯೇ. ‘ಕಮ್’ ಎಂಬುದಕ್ಕೆ ‘ಬಾ’ ಎಂಬ ರೂಪ ಬೇರೆ, ‘ಬನ್ನಿ’ ಎಂಬ ರೂಪ ಬೇರೆ ಇಲ್ಲ. ಕನ್ನಡ ತನ್ನ ಗೌರವವನ್ನು ಯಾವ ಎರಡು ಪಾತ್ರೆಗಳಲ್ಲಿ ತುಂಬಿಡುತ್ತದೆಯೋ ಆ ಎರಡೂ ಪಾತ್ರೆಗಳು ಇಂಗ್ಲಿಷಿನಲ್ಲಿ ಇಲ್ಲ.

ಈ ಕೊರತೆಯನ್ನು ಕಂಡುಕೊಂಡವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವೆಂದರೆ ಗೌರವಸೂಚಕ ಪದಗಳನ್ನು ಹೊರಗಿನಿಂದ ತಂದು ಸುರಿಯುವುದು. “ರೆಸ್ಪೆಕ್ಟೆಡ್ ಸರ್, ವಿ ಹಂಬ್ಲಿ ರಿಕ್ವೆಸ್ಟ್ ಯು ಟು ಕೈಂಡ್ಲಿ ಕಮ್ ಟು ಕೂಡ್ಲಿಗಿ ಆನ್ ಮಂಡೆ, ಕೈಂಡ್ಲಿ ಬ್ರಿಂಗ್ ಯುವರ್ ಆಧಾರ್ ಕಾರ್ಡ್ ಅಂಡ್ ಡು ದ ನೀಡ್‌ಫುಲ್.” ಇದೆಲ್ಲಿಂದ ಬಂದ ಇಂಗ್ಲಿಷ್? ಅರ್ಜಿಯಿಂದ ಬಂದದ್ದು. 1800ರಲ್ಲಿ ಹೈದರಾಬಾದಿನ ನಿಜಾಮನು ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಂದಿನಿಂದ, 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರುವವರೆಗೆ, ಇಲ್ಲಿಯ ಮೇಲಿನ ಕಚೇರಿಗಳು ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದವು. ದೊರೆಗಳಿಗೆ ಸಲ್ಲಿಸುವ ಮನವಿಯಲ್ಲಿ ವಿನಯದ ಸಿದ್ಧವಾಕ್ಯಗಳು ಮೊದಲಿನಿಂದ ಕೊನೆಯವರೆಗೆ ತುಂಬಿರಬೇಕಾಗಿತ್ತು. ಆ ದೊರೆಗಳು ಹೋದರು; ವಾಕ್ಯಗಳು ಉಳಿದುಕೊಂಡವು. ಇಂದಿಗೂ ರಜೆಯ ಅರ್ಜಿಯಲ್ಲಿ ನಾವು ಅವನ್ನೇ ಬರೆಯುತ್ತೇವೆ.

ಅರ್ಜಿಗೆ ಅದು ಸರಿ. ದೊಡ್ಡಪ್ಪನಿಗೆ ಸರಿಯಲ್ಲ. ಆ ಇಂಗ್ಲಿಷ್ ಗೌರವಕ್ಕಿಂತ ಹೆಚ್ಚಾಗಿ ದೂರವನ್ನು ತಿಳಿಸುತ್ತದೆ. ಒಂದೇ ಮನೆಯ ಮಗಳು ‘ಸರ್’ ಎಂದು ಬರೆದರೆ, ‘ನಾನು ಇವರಿಗೆ ಪರಕೀಯನಾದೆನೆ?’ ಎಂದು ಅವರು ನೊಂದುಕೊಂಡಾರು. ಅದೂ ಅಲ್ಲದೆ, ನಾಲ್ಕು ಸಲ ‘ಕೈಂಡ್ಲಿ’ ಎಂದರೂ ‘ಸೋಮವಾರ ಬರಬೇಕು’ ಎಂಬ ಕಟ್ಟಪ್ಪಣೆ ಕಟ್ಟಪ್ಪಣೆಯಾಗಿಯೇ ಉಳಿದಿದೆ. ‘ಕೈಂಡ್ಲಿ’ ಎಂಬುದು ನಮ್ಮ ‘ರಿ’ಗೆ ಸಮಾನವಲ್ಲ. ‘ರಿ’ ಮಾತಿನ ರಕ್ತದಲ್ಲಿ ಬೆರೆತದ್ದು. ‘ಕೈಂಡ್ಲಿ’ ಮೇಲೆ ತೊಡಿಸಿದ ಶಾಲು.

ಹಾಗಾದರೆ ಇಂಗ್ಲಿಷ್ ಮಾತನಾಡುವ ಜನ ತಮ್ಮ ಹಿರಿಯರಿಗೆ ಗೌರವ ಸೂಚಿಸುವುದೇ ಇಲ್ಲವೆ? ಸೂಚಿಸುತ್ತಾರೆ, ಪದದ ಕೊನೆಯಲ್ಲಿ ಅಲ್ಲ, ವಾಕ್ಯದ ಕಟ್ಟಡದಲ್ಲಿ. ಅಪ್ಪಣೆಯನ್ನು ಅವರು ಪ್ರಶ್ನೆಯಾಗಿ ಮಾರ್ಪಡಿಸುತ್ತಾರೆ. ‘ಕಮ್’ ಎನ್ನುವ ಬದಲು ‘ವುಡ್ ಇಟ್ ಬಿ ಪಾಸಿಬಲ್ ಫಾರ್ ಯು ಟು ಕಮ್?’ ಎನ್ನುತ್ತಾರೆ. ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರವೂ ಇರಬಹುದಷ್ಟೆ? ಆ ‘ಇಲ್ಲ’ ಎನ್ನುವ ಸ್ವಾತಂತ್ರ್ಯವನ್ನು ಎದುರಿನವರ ಕೈಗೆ ಕೊಡುವುದೇ ಆ ಭಾಷೆಯಲ್ಲಿ ಗೌರವ. ಇಲ್ಲಿ ಇನ್ನೊಂದು ವಿಶೇಷವನ್ನು ಗಮನಿಸಿರಿ. ಕೇಳುತ್ತಿರುವುದು ಮುಂದೆ ನಡೆಯಬೇಕಾದ ಸಂಗತಿಯನ್ನು. ಆದರೂ ‘ವಿಲ್’ ಎಂಬುದರ ಬದಲು ಭೂತಕಾಲದ ರೂಪವಾದ ‘ವುಡ್’ ಬಂದಿದೆ. ‘ಕ್ಯಾನ್’ ಎಂಬಲ್ಲಿ ‘ಕುಡ್’ ಬರುವುದೂ ಹೀಗೆಯೇ. ಕಾಲವನ್ನು ಹಿಂದಕ್ಕೆ ತಳ್ಳಿದರೆ ಮಾತಿನ ಒತ್ತಡವೂ ಹಿಂದಕ್ಕೆ ಸರಿಯುತ್ತದೆ.

ಇದು ನಮಗೆ ಅಪರಿಚಿತವೇನಲ್ಲ. ಗುರುಗಳ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ‘ಒಂದು ಮಾತು ಕೇಳಬೇಕು’ ಎಂದು ನಾವು ಹೇಳುವುದಿಲ್ಲ. ‘ಒಂದು ಮಾತು ಕೇಳಬೇಕಾಗಿತ್ತು’ ಎನ್ನುತ್ತೇವೆ. ಕೇಳಬೇಕಾಗಿರುವುದು ಈಗಲೇ, ಆದರೂ ಕ್ರಿಯಾಪದ ಭೂತಕಾಲದಲ್ಲಿದೆ. ಅಂಗಡಿಯಲ್ಲಿ ಸಾಲ ಕೇಳುವವನೂ ‘ನೂರು ರೂಪಾಯಿ ಬೇಕಾಗಿತ್ತು’ ಎನ್ನುತ್ತಾನೆ. ಈ ‘ಆಗಿತ್ತು’ ಎಂಬುದು ಕನ್ನಡಕ್ಕೂ ಇಂಗ್ಲಿಷಿಗೂ ನಡುವೆ ಇರುವ ಸೇತುವೆ. ‘ಬರ್ರಿ’ ಎಂಬುದನ್ನು ನೇರವಾಗಿ ದಾಟಿಸಲಾಗದಿದ್ದಾಗ, ಮೊದಲು ಕನ್ನಡದಲ್ಲಿಯೇ ಅದನ್ನು ‘ತಾವು ಒಂದು ಸಲ ಬರುವುದಕ್ಕೆ ಆಗುತ್ತಿತ್ತೇನೋ ಎಂದು ಕೇಳಬೇಕಾಗಿತ್ತು’ ಎಂದು ಬದಲಾಯಿಸಿಕೊಂಡರೆ, ಅಲ್ಲಿಂದ ಇಂಗ್ಲಿಷಿನ ದಾರಿ ಸಲೀಸಾಗಿದೆ.

ಇನ್ನು ಸಂಬೋಧನೆಯ ಮಾತು. ‘ಅಂಕಲ್’ ಎಂಬ ಪದ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ನಮ್ಮ ಪಟ್ಟಣಗಳಲ್ಲಂತೂ ಅಪರಿಚಿತ ಅಂಗಡಿಕಾರರಿಗೂ ಅದೇ ಪದ. ಹೊಲದ ವಿಷಯದಲ್ಲಿ ‘ದೊಡ್ಡಪ್ಪ’ ಎಂಬ ಪದ ಕೇವಲ ಸಂಬಂಧವನ್ನು ಹೇಳುವುದಿಲ್ಲ. ‘ನಮ್ಮ ತಂದೆಗಿಂತ ಮೊದಲ ಮಾತು ನಿಮ್ಮದು’ ಎಂಬುದನ್ನೂ ಹೇಳುತ್ತದೆ. ಇದನ್ನು ಭಾಷಾಂತರಿಸುವ ಅಗತ್ಯವೇ ಇಲ್ಲ. ಇಂಗ್ಲಿಷ್ ವಾಕ್ಯದ ನಡುವೆ ‘ದೊಡ್ಡಪ್ಪ’ ಎಂದೇ ಬರೆಯಬಹುದು. ಓದುವ ಸೊಸೆಗೆ ಆ ಪದ ತಿಳಿಯದಿದ್ದರೂ ಕೇಳುವ ಮಾವನಿಗೆ ತಿಳಿಯುತ್ತದೆ. ‘ನಮಸ್ಕಾರ’ ಎಂಬ ಪದವೂ ಹಾಗೆಯೇ. ಅದಂತೂ ಗುಜರಾತಿಯವರಿಗೂ ತಿಳಿದ ಮಾತು.

ಇಲ್ಲದವರ ವಿಷಯದಲ್ಲಿಯೂ ಎಚ್ಚರ ಬೇಕು. ಕನ್ನಡದಲ್ಲಿ ತಂದೆಯ ವಿಷಯ ಹೇಳುವಾಗ ‘ಅವರು’ ಎನ್ನುತ್ತೇವೆ. ಇಂಗ್ಲಿಷಿನ ‘ಹಿ’ ಎಂಬುದು ತಂದೆಗೂ ಸಲ್ಲುತ್ತದೆ, ಎತ್ತು ಕಾಯುವ ಹುಡುಗನಿಗೂ ಸಲ್ಲುತ್ತದೆ. ಅದರಲ್ಲಿ ತಪ್ಪಿಲ್ಲವಾದರೂ ನಮ್ಮ ಕಡೆಯ ಹಿರಿಯ ಕಿವಿಗೆ ಅದು ಕೊಂಚ ಬೋಳು. ಇದಕ್ಕೆ ಪರಿಹಾರ ಸುಲಭ: ಸರ್ವನಾಮವನ್ನು ಬಿಟ್ಟು, ‘ಅಪ್ಪ’, ‘ಅಜ್ಜ’ ಎಂಬ ಪದಗಳನ್ನೇ ಮತ್ತೆ ಮತ್ತೆ ಬಳಸುವುದು. ಇಂಗ್ಲಿಷ್ ಮೇಷ್ಟರು ಈ ಪುನರುಕ್ತಿಗೆ ಕೆಂಪು ಗೆರೆ ಎಳೆದಾರು; ಎಳೆಯಲಿ.

ಈಗ ಹುಡುಗಿ ಮತ್ತೆ ಬರೆದ ಸಂದೇಶವನ್ನು ನೋಡೋಣ: “ನಮಸ್ಕಾರ, ದೊಡ್ಡಪ್ಪ. ಅತ್ತಿಗೆ ಟೋಲ್ಡ್ ಅಸ್ ದ್ಯಾಟ್ ಯುವರ್ ಐ ಈಸ್ ಹೀಲಿಂಗ್ ವೆಲ್, ಅಂಡ್ ವಿ ವರ್ ಆಲ್ ಹ್ಯಾಪಿ ಟು ಹಿಯರ್ ಇಟ್. ಅಜ್ಜಾಸ್ ಲ್ಯಾಂಡ್ ಈಸ್ ಸ್ಟಿಲ್ ಇನ್ ಅಜ್ಜಾಸ್ ನೇಮ್, ಅಂಡ್ ಅಪ್ಪ ಡಸ್ ನಾಟ್ ವಾಂಟ್ ಟು ಡು ಎನಿಥಿಂಗ್ ಅಬೌಟ್ ಇಟ್ ವಿದೌಟ್ ಆಸ್ಕಿಂಗ್ ಯು. ಇಫ್ ಯು ಅಗ್ರೀ, ದ ಪೇಪರ್ಸ್ ವಿಲ್ ನೀಡ್ ಯುವರ್ ಸಿಗ್ನೇಚರ್. ವುಡ್ ಇಟ್ ಬಿ ಪಾಸಿಬಲ್ ಫಾರ್ ಯು ಟು ಕಮ್ ಟು ಕೂಡ್ಲಿಗಿ ಸಮ್ ಡೇ ನೆಕ್ಸ್ಟ್ ಮಂತ್? ಎನಿ ಡೇ ದ್ಯಾಟ್ ಸೂಟ್ಸ್ ಯು ವಿಲ್ ಸೂಟ್ ಅಪ್ಪ, ಅಂಡ್ ಅಪ್ಪ ವಿಲ್ ಮೀಟ್ ಯು ಅಟ್ ಹೊಸಪೇಟೆ ಸ್ಟೇಷನ್. ಇಫ್ ದ ಜರ್ನಿ ಈಸ್ ಟೂ ಮಚ್ ನೌ, ಅಪ್ಪ ವಿಲ್ ಬ್ರಿಂಗ್ ದ ಪೇಪರ್ಸ್ ಟು ಮುಂಬಯಿ. ದಿ ಆಫೀಸ್ ವಿಲ್ ಆಲ್ಸೊ ಆಸ್ಕ್ ಟು ಸೀ ಯುವರ್ ಆಧಾರ್ ಕಾರ್ಡ್. ವಿ ವಿಲ್ ಡು ಆಸ್ ಯು ಸೇ. ಅಪ್ಪ, ಅವ್ವ ಅಂಡ್ ಐ ಸೆಂಡ್ ಅವರ್ ನಮಸ್ಕಾರ.”

‘ರೆಸ್ಪೆಕ್ಟೆಡ್’, ‘ಸರ್’, ‘ಕೈಂಡ್ಲಿ’, ‘ಹಂಬ್ಲಿ’ ಇವುಗಳಲ್ಲಿ ಒಂದಾದರೂ ಇಲ್ಲಿಲ್ಲ. ಆದರೂ ಇದನ್ನು ಕೇಳಿದ ದೊಡ್ಡಪ್ಪನವರಿಗೆ ತಮ್ಮ ಸ್ಥಾನ ತಮಗೆ ದೊರೆಯಿತೆಂದು ಅನ್ನಿಸದಿರದು. ಏಕೆ? ಮೊದಲ ಸಂದೇಶದಲ್ಲಿ ಖಾತೆ ಬದಲಿಸುವುದು ಆಗಲೇ ತೀರ್ಮಾನವಾಗಿತ್ತು. ಅವರಿಂದ ಬೇಕಾಗಿದ್ದದ್ದು ಸಹಿ ಮಾತ್ರ. ಇಲ್ಲಿ ತೀರ್ಮಾನವನ್ನೇ ಅವರ ಮುಂದಿಟ್ಟು, ‘ಇಫ್ ಯು ಅಗ್ರೀ’ ಎಂದಾದ ಮೇಲೆ ಸಹಿಯ ಮಾತು ಬಂದಿದೆ. ಮೊದಲ ಸಂದೇಶದಲ್ಲಿ ದಿನವನ್ನು ಗೊತ್ತು ಮಾಡಿದವರು ಕಿರಿಯರು; ಇಲ್ಲಿ ಗೊತ್ತು ಮಾಡಬೇಕಾದವರು ಹಿರಿಯರು. ಮೊದಲನೆಯದರಲ್ಲಿ ತಮ್ಮ ಕಾಯುತ್ತ ಕುಳಿತಿದ್ದರು. ಇಲ್ಲಿ ಎದ್ದು ನಿಲ್ದಾಣಕ್ಕೆ ಬರುತ್ತಾರೆ, ಬೇಕಾದರೆ ಮುಂಬಯಿಗೂ ಹೋಗುತ್ತಾರೆ. ಆಧಾರ್ ಕಾರ್ಡನ್ನು ತರಬೇಕೆಂಬ ಅಪ್ಪಣೆ ಮಾಯವಾಗಿ, ಕಚೇರಿಯವರು ಅದನ್ನು ಕೇಳುತ್ತಾರೆಂಬ ಸುದ್ದಿ ಮಾತ್ರ ಉಳಿದಿದೆ. ತರುವುದೋ ಬಿಡುವುದೋ ಅವರ ವಿವೇಕಕ್ಕೆ ಬಿಟ್ಟದ್ದು. ಆದರೆ ಯಾರೂ ಮರೆತು ಬರುವುದಿಲ್ಲ.

ಇದರಿಂದ ಒಂದು ತೊಡಕೂ ಹುಟ್ಟುತ್ತದೆ. ಅದನ್ನು ಮುಚ್ಚಿಡಬಾರದು. ಕನ್ನಡದ ‘ರಿ’ಗೆ ಖರ್ಚಿಲ್ಲ. ಮನಸ್ಸಿನಲ್ಲಿ ಏನೇ ಇರಲಿ, ಬಾಯಲ್ಲಿ ‘ರಿ’ ಬಂದರೆ ಮಾತು ಒಪ್ಪವಾಗುತ್ತದೆ. ಇಂಗ್ಲಿಷಿನಲ್ಲಿ ಗೌರವವನ್ನು ಹೊತ್ತಿರುವುದು ಪದವಲ್ಲ, ನಾವು ಅವರಿಗೆ ಬಿಟ್ಟುಕೊಡುವ ಆಯ್ಕೆ. ಆ ಆಯ್ಕೆ ನಿಜವಾಗಿರಬೇಕು. ‘ಅಪ್ಪ ಮುಂಬಯಿಗೆ ಬರುತ್ತಾರೆ’ ಎಂದು ಬರೆಯುವ ಮೊದಲು ಹುಡುಗಿ ತನ್ನ ತಂದೆಯನ್ನು ಕೇಳಿರಬೇಕು. ‘ಯಾವ ದಿನವಾದರೂ ಸರಿ’ ಎಂದು ಬರೆದ ಮೇಲೆ ಅವರು ಬಿತ್ತನೆಯ ವಾರವನ್ನೇ ಹೇಳಿದರೂ ಒಪ್ಪಿಕೊಳ್ಳಬೇಕು. ‘ನೀವು ಹೇಳಿದಂತೆ ಮಾಡುತ್ತೇವೆ’ ಎಂದವರು, ದೊಡ್ಡಪ್ಪ ‘ಈ ವರ್ಷ ಬೇಡ’ ಎಂದರೆ ಸುಮ್ಮನಿರಬೇಕು. ಇದಕ್ಕೆ ಸಿದ್ಧರಿಲ್ಲದಿದ್ದರೆ ಆ ವಾಕ್ಯವನ್ನು ಬರೆಯದಿರುವುದೇ ಒಳ್ಳೆಯದು.

ಸೋಮವಾರವೇ ಆಗಬೇಕೆಂದು ಕಚೇರಿಯವರು ಗೊತ್ತು ಮಾಡಿದ್ದರೋ? ಆಗ ಇಲ್ಲದ ಆಯ್ಕೆಯನ್ನು ಇರುವಂತೆ ತೋರಿಸುವುದು ಕಪಟವಾಗುತ್ತದೆ. ಅವರು ಮಂಗಳವಾರ ಬರುತ್ತೇನೆಂದರೆ ಪೇಚಿಗೂ ಸಿಕ್ಕಿಕೊಳ್ಳುತ್ತೇವೆ. ಅಂತಹ ಸಂದರ್ಭದಲ್ಲಿ ಒತ್ತಾಯದ ಭಾರವನ್ನು ಅದು ಸೇರಬೇಕಾದ ಹೆಗಲಿಗೇ ಹೊರಿಸಬೇಕು. ‘ದಿ ಆಫೀಸ್ ಹ್ಯಾಸ್ ಫಿಕ್ಸ್ಡ್ ಮಂಡೆ, ಅಂಡ್ ಅಪ್ಪ ಕುಡ್ ನಾಟ್ ಗೆಟ್ ಇಟ್ ಚೇಂಜ್ಡ್’ ಎಂದು ಮೊದಲು ತಿಳಿಸಿ, ಆಮೇಲೆ ‘ವುಡ್ ಇಟ್ ಬಿ ಪಾಸಿಬಲ್’ ಎಂದು ಕೇಳಬೇಕು. ಆಗ ದಿನ ಗೊತ್ತು ಮಾಡಿದವನು ತಮ್ಮನಲ್ಲ, ಕಚೇರಿ. ಅಣ್ಣನಿಗೆ ಇದು ಬಹಳ ದೊಡ್ಡ ವ್ಯತ್ಯಾಸ.

ಬರೆದ ಸಂದೇಶ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಉಪಾಯವಿದೆ. ಬರೆದ ಪ್ರತಿಯೊಂದು ವಾಕ್ಯವನ್ನೂ ನಿಮ್ಮ ತಮ್ಮನಿಗೆ ಕಳುಹಿಸುತ್ತಿದ್ದೀರೆಂದು ಭಾವಿಸಿಕೊಂಡು ಓದಿರಿ. ‘ಬ್ರಿಂಗ್ ಯುವರ್ ಆಧಾರ್ ಕಾರ್ಡ್’ ಎಂಬುದು ತಮ್ಮನಿಗೆ ಹಾಗೆಹಾಗೆಯೇ ಹೊಂದುತ್ತದೆ. ಆದ್ದರಿಂದ ಅದು ದೊಡ್ಡಪ್ಪನಿಗೆ ಸಾಲದು. ಅನಂತರ ಅದೇ ವಾಕ್ಯಗಳನ್ನು ತಹಸೀಲ್ದಾರರಿಗೆ ಬರೆಯುತ್ತಿದ್ದೀರೆಂದು ಓದಿರಿ. ಅವರಿಗೂ ಹಾಗೆಹಾಗೆಯೇ ಹೊಂದಿದರೆ ಗೌರವ ಹೆಚ್ಚಾಗಿ ಪ್ರೀತಿ ಕಡಿಮೆಯಾಗಿದೆ ಎಂದರ್ಥ. ಕಣ್ಣಿನ ವಿಚಾರಣೆಯ ವಾಕ್ಯವನ್ನು ತಹಸೀಲ್ದಾರರಿಗೆ ಯಾರೂ ಬರೆಯುವುದಿಲ್ಲ, ಅದು ಮನೆಯವರದೇ.

‘ಥ್ಯಾಂಕ್ ಯು’ ಎಂಬುದನ್ನು ಹುಡುಗಿ ಬರೆಯದಿರುವುದನ್ನು ನೀವು ಗಮನಿಸಿರಬಹುದು. ನಮ್ಮ ಕಡೆ ಮನೆಯ ಹಿರಿಯರಿಗೆ ಯಾರೂ ‘ಧನ್ಯವಾದ’ ಹೇಳುವುದಿಲ್ಲ. ಹೇಳಿದರೆ ಲೆಕ್ಕ ತೀರಿಸಿದಂತಾಗುತ್ತದೆ. ಆದರೆ ಓದಿ ಹೇಳುವ ಸೊಸೆಗೆ ಆ ಪದ ಬೇಕಾದೀತು. ಅವರಿಗೆ ಪ್ರತ್ಯೇಕವಾಗಿ ಒಂದು ಸಾಲು ಬರೆದು ಉಪಕಾರ ಸ್ಮರಿಸುವುದರಲ್ಲಿ ತಪ್ಪೇನಿಲ್ಲ.

ಇಷ್ಟೆಲ್ಲ ಮಾಡಿದರೂ ದಾಟದೆ ಈಚೆ ದಡದಲ್ಲಿಯೇ ಉಳಿಯುವ ಸಂಗತಿಯೊಂದಿದೆ. ಬಹುವಚನ ಬಂದಲ್ಲೆಲ್ಲ ಗೌರವ, ಏಕವಚನ ಬಂದಲ್ಲೆಲ್ಲ ಅಗೌರವ ಎಂದು ಇದುವರೆಗೆ ಹೇಳಿದಂತೆ ತೋರಿರಬಹುದು. ಆದರೆ ಹಡಗಲಿಯ ಅಥವಾ ಹರಪನಹಳ್ಳಿಯ ಹಳ್ಳಿಯೊಂದರಲ್ಲಿ ಮಗ ತನ್ನ ತಾಯಿಯನ್ನು ಹೇಗೆ ಕರೆಯುತ್ತಾನೆ? ‘ಯವ್ವಾ, ನೀ ಉಂಡೇನು?’ ಎನ್ನುತ್ತಾನೆ. ಅಜ್ಜಿಗೂ ಅನೇಕ ಮನೆಗಳಲ್ಲಿ ‘ನೀ’ ಎಂದೇ. ನಮ್ಮ ವಚನಕಾರರು, ಹರಿದಾಸರು ದೇವರನ್ನು ಕರೆದದ್ದೂ ‘ನೀನು’ ಎಂದೇ. ಇಂಗ್ಲಿಷರೂ ‘ದೌ’ ಎಂಬುದನ್ನು ಸಂತೆಪೇಟೆಯಿಂದ ಕಳೆದುಕೊಂಡ ಮೇಲೆಯೂ ಪ್ರಾರ್ಥನೆಯಲ್ಲಿ ಉಳಿಸಿಕೊಂಡರು. ಅತ್ಯಂತ ಹತ್ತಿರದವರಿಗೆ, ಅತ್ಯಂತ ದೊಡ್ಡವರಿಗೆ ಸಲ್ಲುವ ಈ ಏಕವಚನಕ್ಕೆ ‘ಯು’ ಎಂಬುದರಲ್ಲಿ ಎಡೆಯಿಲ್ಲ. ವಾಕ್ಯವನ್ನು ಹೇಗೆ ಕಟ್ಟಿದರೂ ಅದು ಸಿಗುವುದಿಲ್ಲ. ದೊಡ್ಡಪ್ಪನವರು ಸಂದೇಶವನ್ನು ಕೇಳಿ ಸಂತೋಷಪಟ್ಟು, ‘ಟೆಲ್ ಯುವರ್ ಫಾದರ್ ಐ ವಿಲ್ ಕಮ್. ಯು ಸ್ಟಡಿ ವೆಲ್’ ಎಂದು ಸೊಸೆಯಿಂದ ಉತ್ತರ ಬರೆಸಿದರೆ, ಅವರು ಮನಸ್ಸಿನಲ್ಲಿ ಅಂದದ್ದು ‘ನೀನು ಚೆನ್ನಾಗಿ ಓದವ್ವ’ ಎಂದು. ಆ ‘ಅವ್ವ’ ಎಂಬುದನ್ನು ಸೊಸೆ ಹೇಗೆ ಬರೆದಾರು? ಅದನ್ನು ಹುಡುಗಿ ಹೊಸಪೇಟೆಯ ನಿಲ್ದಾಣದಲ್ಲಿ ಅವರ ಬಾಯಿಂದಲೇ ಕೇಳಬೇಕು.